ಮೊದಲ ಕೊಟೇಶನ್: ತಾಂಡೂರಿನ ತೊಗರಿಬೇಳೆ ಪ್ಯಾಕೆಟ್‌ಗೆ ಎಷ್ಟು ಕೇಳಬೇಕು?

ಜಹೀರಾಬಾದ್, ನಾರಾಯಣಖೇಡ, ತಾಂಡೂರು ಕಡೆ ಡಿಸೈನ್ ಕಲಿತ ಹುಡುಗ ಹುಡುಗಿಯರಿಗೆ ಮೊದಲ ಕೆಲಸ ಸಾಮಾನ್ಯವಾಗಿ ಫ್ಲೆಕ್ಸ್ ಅಂಗಡಿಯಲ್ಲೇ ಸಿಗುತ್ತದೆ. ಅಲ್ಲಿನ ಲೆಕ್ಕವೆಲ್ಲ ಚದರ ಅಡಿಯದು. ಗಿರಾಕಿ ಬಂದು ವಾಟ್ಸಾಪಿನಲ್ಲಿ ಫೋಟೋ ಕಳಿಸಿ ಆರು ಅಡಿ, ನಾಲ್ಕು ಅಡಿ ಎನ್ನುತ್ತಾನೆ. ಮಾಲೀಕರು ಇಪ್ಪತ್ನಾಲ್ಕನ್ನು ಅಡಿಯ ದರದಿಂದ ಗುಣಿಸಿ ಹಣ ಹೇಳುತ್ತಾರೆ. ಡಿಸೈನಿಗೆ ಬೇರೆ ದುಡ್ಡಿಲ್ಲ, ಅದು ‘ಫ್ರೀ’. ಅಂಗಡಿಯವರ ಮಟ್ಟಿಗೆ ಇದು ಸರಿಯಾದ ಲೆಕ್ಕವೇ. ಅವರ ಲಾಭ ಮಷೀನು, ಶಾಯಿ, ಮೆಟೀರಿಯಲ್‌ಗಳಲ್ಲಿದೆ. ಕಂಪ್ಯೂಟರ್ ಮುಂದೆ ಕೂತವರ ಸಂಬಳವೂ ಆ ಅಡಿಯ ದರದೊಳಗೇ ಸೇರಿಕೊಂಡಿರುತ್ತದೆ.

ಕಷ್ಟ ಶುರುವಾಗುವುದು ಅದೇ ಹುಡುಗ ಅಂಗಡಿ ಬಿಟ್ಟು ಸ್ವಂತ ಕೆಲಸಕ್ಕೆ ಇಳಿದಾಗ. ಅವನ ಹತ್ತಿರ ಪ್ರಿಂಟಿಂಗ್ ಮಷೀನಿಲ್ಲ, ಅಡಿಯ ಲೆಕ್ಕದಲ್ಲಿ ಮಾರಲು ಏನೂ ಇಲ್ಲ. ಗಿರಾಕಿಯ ತಲೆಯಲ್ಲಿ ಮಾತ್ರ ಡಿಸೈನ್ ಎಂದರೆ ಪುಕ್ಕಟೆ ಎಂಬುದು ಗಟ್ಟಿಯಾಗಿ ಕೂತಿದೆ. ಹಾಗಾಗಿ ಮೊದಲ ಸಲ ‘ಎಷ್ಟಾಗುತ್ತದೆ?’ ಎಂದು ಕೇಳಿದಾಗ ಬಾಯಿಗೆ ಬರುವುದು ಐನೂರು, ಹೆಚ್ಚೆಂದರೆ ಸಾವಿರ. ಆ ಸಂಖ್ಯೆ ಯಾವ ಲೆಕ್ಕದಿಂದಲೂ ಬಂದದ್ದಲ್ಲ. ಗಿರಾಕಿ ಎದ್ದು ಹೋಗಿಬಿಟ್ಟಾನು ಎಂಬ ಹೆದರಿಕೆಯಿಂದ ಬಂದದ್ದು. ಹೆದರಿಕೆಯ ಜಾಗದಲ್ಲಿ ಲೆಕ್ಕವನ್ನು ಕೂರಿಸುವುದು ಹೇಗೆ ಎಂಬುದನ್ನು ಇಲ್ಲಿ ಒಂದೇ ಕೆಲಸವನ್ನು ಹಿಡಿದು ನೋಡೋಣ. ಆ ಕೆಲಸ ತೊಗರಿಬೇಳೆಯ ಪ್ಯಾಕೆಟ್.

ತೊಗರಿಯನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿದೆ. ತಾಂಡೂರು ತೊಗರಿಗೆ 2022ರಲ್ಲಿ ಭೌಗೋಳಿಕ ಸೂಚಿಕೆ, ಅಂದರೆ ಜಿಐ ಟ್ಯಾಗ್ ಸಿಕ್ಕಿತು. ಗಡಿಯಾಚೆ ಕಲಬುರಗಿಯ ತೊಗರಿಬೇಳೆಗೆ ಅದು 2019ರಲ್ಲೇ ಸಿಕ್ಕಿತ್ತು. ಗೋಣಿಚೀಲದಲ್ಲಿ ಬೇಳೆ ಮಾರುತ್ತಿದ್ದ ಮಿಲ್ಲಿನವರು ತಮ್ಮ ಹೆಸರಿನ ಒಂದು ಕಿಲೋ ಪ್ಯಾಕೆಟ್ ಮಾಡಬೇಕೆಂದು ಹೊರಟರೆ ಅವರಿಗೆ ಡಿಸೈನರ್ ಬೇಕು. ಅದರಲ್ಲೂ ಈ ಸೀಮೆಯ ಡಿಸೈನರ್ ಬೇಕು. ಜಹೀರಾಬಾದ್ ಮತ್ತು ನಾರಾಯಣಖೇಡ 1956ರವರೆಗೆ ಬೀದರ್ ಜಿಲ್ಲೆಯಲ್ಲಿದ್ದವು, ತಾಂಡೂರು ಗುಲ್ಬರ್ಗಾ ಜಿಲ್ಲೆಯಲ್ಲಿತ್ತು. ರಾಜ್ಯಗಳ ಗೆರೆ ಬದಲಾದರೂ ಸಂತೆ, ಬೀಗತನ, ವ್ಯಾಪಾರ ಆಚೀಚೆ ನಡೆದೇ ಇವೆ. ತಾಂಡೂರಿನಲ್ಲಿ ತಯಾರಾದ ಪ್ಯಾಕೆಟ್ ಸೇಡಂ, ಚಿಂಚೋಳಿಯ ಕಿರಾಣಿ ಅಂಗಡಿಗೂ ಹೋಗುವುದರಿಂದ ಅದರ ಮೇಲೆ ತೆಲುಗು, ಕನ್ನಡ, ಇಂಗ್ಲಿಷ್ ಮೂರೂ ಬೇಕಾಗುತ್ತವೆ.

ಮೊದಲು ನಿಮ್ಮ ಗಂಟೆಯ ಅಸಲು

ಗಿರಾಕಿಯ ಜೊತೆ ಮಾತಿಗೆ ಕೂರುವ ಮೊದಲೇ ಒಂದು ಸಂಖ್ಯೆ ನಿಮ್ಮ ನೋಟ್‌ಬುಕ್ಕಿನಲ್ಲಿ ಇರಬೇಕು. ನಿಮ್ಮ ಒಂದು ಗಂಟೆ ಕೆಲಸದ ಅಸಲು ಎಷ್ಟು? ಈ ಸಂಖ್ಯೆಯನ್ನು ಗಿರಾಕಿಗೆ ಹೇಳುವುದಿಲ್ಲ. ಇದು ನಿಮಗಾಗಿ ಮಾತ್ರ.

ತಾಂಡೂರಿನಲ್ಲಿ ತಂದೆತಾಯಿಯ ಜೊತೆ ಇದ್ದು ಕೆಲಸ ಶುರು ಮಾಡಿರುವ ಒಬ್ಬ ಹುಡುಗಿ ಎಂದಿಟ್ಟುಕೊಳ್ಳಿ. ಮನೆಗೆ ತಿಂಗಳಿಗೆ 12,000 ರೂಪಾಯಿ ಕೊಡಬೇಕು. ಕರೆಂಟು ಮತ್ತು ಇಂಟರ್‌ನೆಟ್‌ಗೆ 1,500. ಅರವತ್ತು ಸಾವಿರದ ಲ್ಯಾಪ್‌ಟಾಪ್ ನಾಲ್ಕು ವರ್ಷ ಬಂದರೆ ತಿಂಗಳಿಗೆ 1,250 ಅದರ ಪಾಲು. ಸಾಫ್ಟ್‌ವೇರ್ ಮತ್ತು ಫಾಂಟ್‌ಗೆ 1,500. ಫೋನು, ಬಸ್ಸು, ಸ್ಯಾಂಪಲ್ ಪ್ರಿಂಟುಗಳಿಗೆ 1,750. ಕೆಲಸವಿಲ್ಲದ ತಿಂಗಳಿಗೆ, ಆಸ್ಪತ್ರೆ ಖರ್ಚಿಗೆ ಎತ್ತಿಡುವುದು 3,000. ಎಲ್ಲ ಕೂಡಿಸಿದರೆ 21,000. ನಿಮ್ಮ ಅಂಕಿಗಳು ಬೇರೆಯಾಗಿರುತ್ತವೆ, ಆದರೆ ಕೂಡಿಸುವ ಕ್ರಮ ಇದೇ. ಮನೆಯಲ್ಲೇ ಊಟ ಆಗುತ್ತದೆ ಎಂದು ಮೊದಲ ಸಾಲನ್ನು ಸೊನ್ನೆ ಮಾಡಿಕೊಳ್ಳುವವರು ಬಹಳ. ಅದರ ಅರ್ಥ, ಗಿರಾಕಿಯ ಡಿಸೈನ್ ಖರ್ಚನ್ನು ನಿಮ್ಮ ಅಪ್ಪ ಭರಿಸುತ್ತಿದ್ದಾರೆ ಎಂದು.

ಇನ್ನು ಇದನ್ನು ಎಷ್ಟು ಗಂಟೆಯಿಂದ ಭಾಗಿಸಬೇಕು? ತಪ್ಪುವುದೇ ಇಲ್ಲಿ. ತಿಂಗಳಿಗೆ 25 ದಿನ, ದಿನಕ್ಕೆ ಏಳು ಗಂಟೆಯಂತೆ 175 ಗಂಟೆ ಎಂದು ಭಾಗಿಸಿದರೆ ಗಂಟೆಗೆ 120 ರೂಪಾಯಿ ಬರುತ್ತದೆ. ನೋಡಲು ಸರಿಯೇ ಇದೆ. ಆದರೆ ಆ 175 ಗಂಟೆಗೂ ಹಣ ಕೊಡುವವರು ಯಾರೂ ಇಲ್ಲ. ಗಿರಾಕಿ ಹುಡುಕುವುದು, ಫೋನಿನಲ್ಲಿ ಮಾತು, ಬಾಕಿ ಕೇಳಲು ಅಲೆದಾಟ, ಹೊಸದು ಕಲಿಯುವುದು, ಕರೆಂಟು ಹೋದ ಹೊತ್ತು ಇವೆಲ್ಲ ಅದರೊಳಗೇ ಇವೆ. ಶುರುವಿನಲ್ಲಿ ಹಣ ಬರುವ ಕೆಲಸಕ್ಕೆ ಹತ್ತರಲ್ಲಿ ನಾಲ್ಕು ಪಾಲು ಹೊತ್ತು ಸಿಕ್ಕರೂ ಒಳ್ಳೆಯದೇ. ಆ ಲೆಕ್ಕದಲ್ಲಿ 70 ಗಂಟೆ. ಇಪ್ಪತ್ತೊಂದು ಸಾವಿರವನ್ನು 70ರಿಂದ ಭಾಗಿಸಿದರೆ 300 ರೂಪಾಯಿ. ಇವಳ ಗಂಟೆಯ ಅಸಲು 120 ಅಲ್ಲ, 300. ತಿಂಗಳೆಲ್ಲ ಕೈತುಂಬ ಕೆಲಸವಿದ್ದೂ ಕೈಯಲ್ಲಿ ಕಾಸು ಉಳಿಯದವರು ಹೆಚ್ಚಾಗಿ ಈ ಎರಡು ಸಂಖ್ಯೆಗಳ ನಡುವಿನ ಅಂತರವನ್ನೇ ಕಳೆದುಕೊಳ್ಳುತ್ತಿರುತ್ತಾರೆ.

ಖರ್ಚಿನ ಬದಿಯಲ್ಲಿ ಒಂದು ಮಾತು. ಫಾಂಟಿನ ಸಾಲನ್ನು ಪೈರಸಿಯಿಂದ ಸೊನ್ನೆ ಮಾಡಬೇಕಾಗಿಲ್ಲ. ಕನ್ನಡಕ್ಕೆ ನೋಟೋ ಸಾನ್ಸ್ ಕನ್ನಡ, ಬಾಲೂ ತಮ್ಮ, ತೆಲುಗಿಗೆ ಮಂಡಲಿ, ರಾಮಭದ್ರ, ಉರ್ದುವಿಗೆ ನೋಟೋ ನಸ್ತಾಲಿಕ್ ಮುಂತಾದವು ಮುಕ್ತ ಲೈಸೆನ್ಸಿನಲ್ಲಿವೆ, ವ್ಯಾಪಾರದ ಕೆಲಸಕ್ಕೂ ಬಳಸಬಹುದು. ಪ್ಯಾಕೆಟ್ ಮೇಲೆ ಹೋಗುವ ಫಾಂಟಿಗೆ ನಾಳೆ ಯಾರೂ ಬಂದು ಕೇಳದಂತಿರುವುದೂ ನೀವು ಗಿರಾಕಿಗೆ ಕೊಡುವ ಸರಕಿನ ಒಂದು ಭಾಗವೇ.

ಪ್ಯಾಕೆಟ್ ಎಂದರೆ ಎಷ್ಟು ಕೆಲಸ?

ಮಿಲ್ಲಿನ ಸಾವ್ಕಾರರು ಫೋನ್ ಮಾಡುತ್ತಾರೆ: ‘ಎಷ್ಟ್ ಆಗ್ತದ, ಮದ್ಲ ಅದು ಹೇಳವ್ವಾ.’ ಆ ಕ್ಷಣದಲ್ಲಿ ಯಾವ ಸಂಖ್ಯೆಯನ್ನೂ ಹೇಳಬೇಡಿ. ‘ಸಾವ್ಕಾರ್ರೇ, ಒಮ್ಮೆ ಮಿಲ್ಲಿಗಿ ಬಂದು ಕೆಲಸ ನೋಡ್ತೀನ್ರಿ, ಸಂಜಿಗಿ ಬರ್ದು ಕಳಸ್ತೀನಿ’ ಎನ್ನುವುದರಲ್ಲಿ ಯಾವ ತಪ್ಪೂ ಇಲ್ಲ. ಫೋನಿನಲ್ಲಿ ಬಿದ್ದ ಸಂಖ್ಯೆ ಆಮೇಲೆ ಎಷ್ಟು ಕೆಲಸ ಸೇರಿದರೂ ಮೇಲೇಳುವುದಿಲ್ಲ.

ಮಿಲ್ಲಿಗೆ ಹೋದಾಗ ಕೇಳಬೇಕಾದದ್ದು ಬಣ್ಣ ಯಾವುದು ಬೇಕು ಎಂಬುದನ್ನಲ್ಲ. ಎಷ್ಟು ಪ್ಯಾಕೆಟ್ ಅಚ್ಚಾಗುತ್ತದೆ? ಎಲ್ಲಿ ಮಾರಾಟ? ಸ್ಟಿಕರೋ, ಅಚ್ಚು ಹಾಕಿದ ಪೌಚೋ? ಕೊನೆಯ ಪ್ರಶ್ನೆ ಬಹಳ ಮುಖ್ಯ. ಡಿಜಿಟಲ್ ಪ್ರಿಂಟಿನ ಸ್ಟಿಕರ್ ಆದರೆ ಇನ್ನೂರು ಹೊಡೆಸಿ ನೋಡಬಹುದು, ತಪ್ಪಿದ್ದರೆ ತಿದ್ದಿ ಮತ್ತೆ ಹೊಡೆಸಬಹುದು. ಪೌಚಿನ ಫಿಲ್ಮು ಸಾಮಾನ್ಯವಾಗಿ ಗ್ರೇವ್ಯೂರ್ ಮುದ್ರಣ. ಅಲ್ಲಿ ಒಂದೊಂದು ಬಣ್ಣಕ್ಕೂ ಒಂದೊಂದು ಲೋಹದ ಸಿಲಿಂಡರ್ ಕೊರೆಸಬೇಕು, ಫಿಲ್ಮನ್ನೂ ರೋಲುಗಟ್ಟಲೆ ತೆಗೆದುಕೊಳ್ಳಬೇಕು. ‘ತೊಗರಿಬೇಳೆ’ಯಲ್ಲಿ ಒಂದು ದೀರ್ಘ ತಪ್ಪಿದ್ದು ರೋಲು ಬಂದ ಮೇಲೆ ಕಂಡರೆ ಸಿಲಿಂಡರ್ ಮತ್ತೆ ಮಾಡಿಸಬೇಕು, ಫಿಲ್ಮು ಗುಜರಿಗೆ ಹೋಗುತ್ತದೆ. ಆ ನಷ್ಟದ ಎದುರು ಡಿಸೈನಿನ ಹಣ ತೀರಾ ಸಣ್ಣದು. ಸಾವ್ಕಾರರಿಗೆ ಇದು ನಿಮಗಿಂತ ಬೇಗ ಅರ್ಥವಾಗುತ್ತದೆ, ಏಕೆಂದರೆ ಸಿಲಿಂಡರಿನ ಬಿಲ್ಲು ಕಟ್ಟುವವರು ಅವರೇ.

ಈಗ ಗಂಟೆಗಳನ್ನು ಎಣಿಸೋಣ. ಮಿಲ್ಲಿಗೆ ಹೋಗಿ ಮಾತಾಡಿ ಬರಲು 2 ಗಂಟೆ. ಪ್ಯಾಕೆಟ್ ಮೇಲೆ ಕಾನೂನಿನಂತೆ ಇರಬೇಕಾದ ಮಾಹಿತಿ ಕೂಡಿಸಿ ತಾಳೆ ನೋಡಲು 3. ಬೇರೆ ಬೇರೆ ರೀತಿಯ ಮೂರು ಕರಡು ಮಾಡಲು 6. ಒಪ್ಪಿದ ಕರಡನ್ನು ಮುಂದೆ, ಹಿಂದೆ ಪೂರ್ತಿ ಮಾಡಲು 5. ಮೂರು ಭಾಷೆಯ ಅಕ್ಷರ ಕೂರಿಸಲು 3. ಎರಡು ಸುತ್ತು ತಿದ್ದುಪಡಿಗೆ 4. ಪ್ರೆಸ್ಸಿಗೆ ಫೈಲ್ ಸಿದ್ಧ ಮಾಡಲು 1, ಪ್ರೆಸ್ಸಿನವರ ಜೊತೆ ಮಾತು, ಬಣ್ಣದ ಪ್ರೂಫ್ ನೋಡುವುದಕ್ಕೆ 2. ಒಟ್ಟು 26 ಗಂಟೆ.

ಇದರಲ್ಲಿ ಎರಡು ಸಾಲುಗಳನ್ನು ಹೊಸಬರು ಪೂರ್ತಿ ಮರೆಯುತ್ತಾರೆ. ಒಂದು, ಕಾನೂನಿನ ಮಾಹಿತಿ. ಪ್ಯಾಕೆಟ್ ಮಾಡಿ ಮಾರುವ ಬೇಳೆಯ ಮೇಲೆ ತಯಾರಕರ ಅಥವಾ ಪ್ಯಾಕ್ ಮಾಡಿದವರ ಹೆಸರು ವಿಳಾಸ, ನಿವ್ವಳ ತೂಕ, ಎಲ್ಲ ತೆರಿಗೆ ಸೇರಿದ ಎಂಆರ್‌ಪಿ, ಪ್ಯಾಕ್ ಮಾಡಿದ ತಿಂಗಳು ವರ್ಷ, ಗ್ರಾಹಕರ ದೂರಿಗೆ ಸಂಪರ್ಕ, 14 ಅಂಕಿಯ ಎಫ್‌ಎಸ್‌ಎಸ್‌ಎಐ ನಂಬರು, ಹಸಿರು ಚೌಕದೊಳಗಿನ ಹಸಿರು ಚುಕ್ಕಿ ಇವೆಲ್ಲ ಬರಬೇಕು. ಅಕ್ಷರದ ಎತ್ತರಕ್ಕೂ ನಿಯಮವಿದೆ. ಪ್ಯಾಕೇಜ್ಡ್ ಕಮಾಡಿಟೀಸ್ ನಿಯಮ 2011ರ ಪ್ರಕಾರ ಈ ವಿವರಗಳು ಹಿಂದಿ ಅಥವಾ ಇಂಗ್ಲಿಷಿನಲ್ಲಿ ಇರಲೇಬೇಕು. ಕನ್ನಡ, ತೆಲುಗು ಅದರ ಜೊತೆಗೆ ಹಾಕಬಹುದೇ ಹೊರತು ಅದರ ಬದಲಿಗೆ ಅಲ್ಲ. ಜಿಐ ಗುರುತು ಹಾಕಿ ಎಂದು ಸಾವ್ಕಾರರು ಹೇಳಿದರೆ ಅದನ್ನೂ ಸುಮ್ಮನೆ ಹಾಕುವಂತಿಲ್ಲ. ಅವರು ಆ ಜಿಐ ಅಡಿಯಲ್ಲಿ ಅಧಿಕೃತ ಬಳಕೆದಾರರೆಂದು ನೋಂದಾಯಿಸಿಕೊಂಡಿರಬೇಕು. ಮಾಹಿತಿ ಸರಿಯಿರುವ ಹೊಣೆ ಗಿರಾಕಿಯದೇ, ಆದರೆ ಇದನ್ನೆಲ್ಲ ಕೇಳಿ ಬರೆಸಿಕೊಳ್ಳುವುದು ನಿಮ್ಮ ಕೆಲಸ. ಫ್ಲೆಕ್ಸ್ ಅಂಗಡಿಯ ಪುಕ್ಕಟೆ ಡಿಸೈನಿನಲ್ಲಿ ಇಲ್ಲದಿರುವುದೂ ಇದೇ.

ಇನ್ನೊಂದು, ಮೂರು ಭಾಷೆಯ ಅಕ್ಷರ. ಬೀದರಿನಿಂದಲೋ ಕಲಬುರಗಿಯಿಂದಲೋ ಬರುವ ಕನ್ನಡ ಪಠ್ಯ ಅನೇಕ ಸಲ ನುಡಿಯ ಹಳೆಯ ಎನ್‌ಕೋಡಿಂಗ್‌ನಲ್ಲಿರುತ್ತದೆ, ತೆಲುಗು ಅನು ಸ್ಕ್ರಿಪ್ಟಿನಲ್ಲಿರುತ್ತದೆ. ಯೂನಿಕೋಡಿಗೆ ಬದಲಾಯಿಸುವಾಗ ಒತ್ತಕ್ಷರ ಜಾರುತ್ತದೆ, ಅರ್ಕಾವತ್ತು ಎಲ್ಲೋ ಹೋಗಿ ಕೂರುತ್ತದೆ. ಒಂದೊಂದು ಪದವನ್ನೂ ಕಣ್ಣಿಟ್ಟು ಓದಬೇಕು. ಜಹೀರಾಬಾದಿನ ಗಿರಾಕಿ ಉರ್ದುವನ್ನೂ ಕೇಳಿದರೆ ಬಲದಿಂದ ಎಡಕ್ಕೆ ಹೋಗುವ ಸಾಲಿಗೆ ಇಡೀ ಜೋಡಣೆಯೇ ಬದಲಾಗುತ್ತದೆ, ಓದಿ ಸರಿ ಹೇಳುವ ಒಬ್ಬರೂ ಬೇಕು. ಆದ್ದರಿಂದ ಪ್ರತಿ ಭಾಷೆಗೂ ಒಂದು ಗಂಟೆಯಾದರೂ ಬೇರೆಯಾಗಿ ಹಿಡಿಯಿರಿ. ಪಠ್ಯವನ್ನು ನೀವೇ ಕನ್ನಡಕ್ಕೆ ಅನುವಾದಿಸಿ ಕೊಡುವುದಾದರೆ ಅದು ಇನ್ನೊಂದು ಕೆಲಸ, ಅದಕ್ಕೆ ಬೇರೆ ಹಣ. ಮೂರು ಲಿಪಿ ಬಲ್ಲ ಡಿಸೈನರ್ ಹೈದರಾಬಾದಿನಲ್ಲೂ ಸುಲಭಕ್ಕೆ ಸಿಗುವುದಿಲ್ಲ. ಈ ಗಡಿಯಲ್ಲಿ ಹುಟ್ಟಿ ಬೆಳೆದವರು ಅದನ್ನು ಒಂದು ಕಸುಬೆಂದೇ ಎಣಿಸದೆ ಪುಕ್ಕಟೆ ಕೊಟ್ಟುಬಿಡುವುದು ನನಗೆ ನಿಜಕ್ಕೂ ಸಂಕಟದ ವಿಷಯ.

ಇಪ್ಪತ್ತಾರು ಗಂಟೆಗೆ 300ರಂತೆ 7,800. ಕೆಲಸ ಅಂದುಕೊಂಡದ್ದಕ್ಕಿಂತ ಹೆಚ್ಚು ಹೊತ್ತು ಹಿಡಿಯುವುದು ಖಚಿತವಾದ್ದರಿಂದ ನೂರಕ್ಕೆ 15 ಸೇರಿಸಿ, ಅಂದರೆ 1,170. ಒಟ್ಟು 8,970, ಒಂಬತ್ತು ಸಾವಿರ ಎನ್ನೋಣ. ಇದು ಕೇಳುವ ದರವಲ್ಲ, ಇದಕ್ಕಿಂತ ಕೆಳಗೆ ಹೋದರೆ ಕೈಯಿಂದ ಹಾಕಿದಂತೆ ಎಂಬ ಗೆರೆ. ಕೇಳುವ ದರ ಇದರ ಮೇಲಿರಬೇಕು, ಎಷ್ಟು ಮೇಲೆ ಎಂಬುದನ್ನು ಪ್ಯಾಕೆಟ್ಟಿನ ಬಳಕೆ ಹೇಳುತ್ತದೆ. ಹುಟ್ಟುಹಬ್ಬದ ಫ್ಲೆಕ್ಸ್ ಎರಡು ದಿನ ಕಂಬದ ಮೇಲಿದ್ದು ಹೋಗುತ್ತದೆ. ಈ ಪ್ಯಾಕೆಟ್ ವರ್ಷಗಟ್ಟಲೆ ಸಾವಿರಾರು ಮನೆಗೆ ಹೋಗುತ್ತದೆ, ಸಿಲಿಂಡರಿನ ಅಪಾಯವೂ ಇದೆ. ನಾನಾದರೆ ಒಂದು ಕಿಲೋ ಪ್ಯಾಕೆಟ್ಟಿಗೆ 12,000 ಬರೆಯುತ್ತೇನೆ. ಅರ್ಧ ಕಿಲೋ, ಐದು ಕಿಲೋ ಅಳತೆಗಳೂ ಬೇಕಾದರೆ ಅದೇ ಡಿಸೈನನ್ನು ಹೊಂದಿಸಲು ಒಂದೊಂದಕ್ಕೆ ಮೂರು ಗಂಟೆ ಹಿಡಿದು ಎಲ್ಲ ಸೇರಿ 15,000. ಎರಡೂ ಸಂಖ್ಯೆ ಒಟ್ಟಿಗೇ ಕೊಟ್ಟರೆ ಸಾವ್ಕಾರರು ಬೇಕೋ ಬೇಡವೋ ಎಂದು ಯೋಚಿಸುವ ಬದಲು ಯಾವುದು ಬೇಕು ಎಂದು ಯೋಚಿಸುತ್ತಾರೆ.

ಬರೆದು ಕಳಿಸುವ ನಾಲ್ಕು ಸಾಲು

ಕೊಟೇಶನ್‌ಗೆ ಲೆಟರ್‌ಹೆಡ್ ಬೇಕಿಲ್ಲ, ವಾಟ್ಸಾಪ್ ಸಾಕು. ಆದರೆ ಏನು ಕೊಡುತ್ತೀರಿ, ಏನು ಕೊಡುವುದಿಲ್ಲ ಎರಡೂ ಅದರಲ್ಲಿರಬೇಕು. ಹೀಗೆ ಬರೆಯಬಹುದು:

> ಸಾವ್ಕಾರ್ರಿಗೆ ನಮಸ್ಕಾರ. ತೊಗರಿಬೇಳೆ ಒಂದು ಕಿಲೋ ಪೌಚ್, ಮುಂದೆ ಹಿಂದೆ ಡಿಸೈನ್, ತೆಲುಗು, ಕನ್ನಡ, ಇಂಗ್ಲಿಷ್. ಮೂರು ಕರಡು ತೋರಿಸ್ತೀನಿ, ಒಂದು ಆರಿಸಬೇಕು. ಆರಿಸಿದ ಮೇಲೆ ಎರಡು ಸುತ್ತು ತಿದ್ದುಪಡಿ ಇದರಲ್ಲೇ ಸೇರಿದೆ, ಮೂರನೇ ಸುತ್ತಿನಿಂದ ಸುತ್ತಿಗೆ 800 ರೂ. ಒಟ್ಟು 12,000 ರೂ. ಅರ್ಧ ಕಿಲೋ, ಐದು ಕಿಲೋ ಸೇರಿ ಆದರೆ 15,000 ರೂ.
> ಅರ್ಧ ಹಣ ಬಂದ ದಿನದಿಂದ ಕೆಲಸ ಶುರು, 12 ದಿನದಲ್ಲಿ ಫೈನಲ್. ಉಳಿದರ್ಧ ಬಂದ ಮೇಲೆ ಪ್ರೆಸ್ಸಿಗೆ ಪಿಡಿಎಫ್. ಪ್ರಿಂಟಿಂಗ್, ಸಿಲಿಂಡರ್, ಫೋಟೋಗ್ರಫಿ ಖರ್ಚು ಇದರಲ್ಲಿ ಸೇರಿಲ್ಲ. ಪ್ಯಾಕೆಟ್ ಮೇಲಿನ ಮಾಹಿತಿ, ಲೈಸೆನ್ಸ್ ನಂಬರ್ ನೀವು ಬರೆದು ಕೊಡಬೇಕು. ಈ ದರ 15 ದಿನದವರೆಗೆ.

ತಿದ್ದುಪಡಿಯ ಸುತ್ತು ಎಂದರೆ ಏನೆಂದು ಬಾಯಲ್ಲಿ ಬಿಡಿಸಿ ಹೇಳಿ. ಸಾವ್ಕಾರರು, ಅವರ ತಮ್ಮ, ಅಂಗಡಿಯ ಮುನೀಮರು ಒಬ್ಬೊಬ್ಬರಾಗಿ ಫೋನ್ ಮಾಡಿ ಒಂದೊಂದು ಹೇಳಿದರೆ ಅದು ಸುತ್ತಲ್ಲ. ಎಲ್ಲರ ಮಾತನ್ನೂ ಕೂಡಿಸಿ ಒಬ್ಬರು ಒಂದೇ ಸಲ ಕಳಿಸಿದ್ದು ಒಂದು ಸುತ್ತು. ಇದನ್ನು ಮೊದಲೇ ಹೇಳದಿದ್ದರೆ ನಾಲ್ಕು ಗಂಟೆಯ ತಿದ್ದುಪಡಿ ಹದಿನಾಲ್ಕಾಗುತ್ತದೆ. ಹನ್ನೆರಡು ಸಾವಿರದ ಕೆಲಸವನ್ನು ಅಸಲಿಗಿಂತ ಕೆಳಗಿಳಿಸುವುದು ಹೆಚ್ಚಾಗಿ ಚೌಕಾಸಿಯಲ್ಲ, ಈ ಎಣಿಕೆಯಿಲ್ಲದ ತಿದ್ದುಪಡಿ.

ಅರ್ಧ ಮುಂಗಡ ಕೇಳಲು ಸಂಕೋಚಪಡುವವರಿಗೆ ಈ ಊರುಗಳ ವ್ಯಾಪಾರವೇ ಉತ್ತರ. ತಾಂಡೂರಿನ ನೀಲಿ ಕಲ್ಲಿನ ಆರ್ಡರಿಗೂ, ಮದುವೆಯ ಶಾಮಿಯಾನಕ್ಕೂ ಬಯಾನಾ ಕೊಡುವುದು ರೂಢಿ. ನಿಮ್ಮದೂ ಬಯಾನಾ ಅಷ್ಟೇ. ಮುಂಗಡ ಬರುವ ಮುನ್ನ ಕರಡು ತೋರಿಸಬೇಡಿ. ಕರಡು ತೋರಿಸುವಾಗಲೂ ಸಣ್ಣ ಜೆಪೆಗ್ ಆಗಿ, ಮೇಲೆ ಅಡ್ಡಲಾಗಿ ‘ಕರಡು’ ಎಂದು ಬರೆದು ಕಳಿಸಿ.

ಪ್ರೆಸ್ಸಿಗೆ ಕಳಿಸುವ ಮುನ್ನ ಕೋರೆಲ್‌ಡ್ರಾದಲ್ಲಿ ಅಕ್ಷರಗಳನ್ನೆಲ್ಲ Convert to Curves (`Ctrl+Q`) ಮಾಡುತ್ತೇವೆ. ಹಾಗೆ ಮಾಡಿದರೆ ಪ್ರೆಸ್ಸಿನವರ ಕಂಪ್ಯೂಟರಿನಲ್ಲಿ ಫಾಂಟ್ ಇಲ್ಲದಿದ್ದರೂ ಕನ್ನಡ ಒಡೆಯುವುದಿಲ್ಲ. ಆದರೆ ಆಮೇಲೆ ಅದು ಅಕ್ಷರವಾಗಿ ಉಳಿಯುವುದಿಲ್ಲ, ಟೈಪ್ ಮಾಡಿ ತಿದ್ದಲು ಬರುವುದಿಲ್ಲ. ಹಾಗಾಗಿ ಅದಕ್ಕೆ ಮೊದಲೇ ಒಂದು ಪ್ರತಿ ಪ್ರಿಂಟ್ ತೆಗೆದು, ಮೂರು ಭಾಷೆಯನ್ನೂ ಗಿರಾಕಿಯಿಂದ ಓದಿಸಿ, ‘ಓದಿ ನೋಡಿದ್ದೇನೆ, ಸರಿ ಇದೆ’ ಎಂದು ಸಹಿ ಹಾಕಿಸಿಕೊಳ್ಳಿ. ಪ್ರಿಂಟ್ ಸಾಧ್ಯವಿಲ್ಲದಿದ್ದರೆ ವಾಟ್ಸಾಪಿನಲ್ಲಾದರೂ ಅದೇ ಸಾಲು ಬರಲಿ. ಆಮೇಲೆ ತಪ್ಪು ಕಂಡರೆ ಮತ್ತೆ ಮಾಡುವ ಗಂಟೆಗಳ ಹಣ ಯಾರದು ಎಂಬ ಜಗಳ ಹುಟ್ಟುವುದಿಲ್ಲ.

‘ಜರಾ ಕಮ್ಮಿ ಮಾಡ್ರಿ’

ಚೌಕಾಸಿ ಬಂದೇ ಬರುತ್ತದೆ, ಅದನ್ನು ಅವಮಾನವೆಂದು ತಿಳಿಯಬೇಕಾಗಿಲ್ಲ. ‘ಐದು ಸಾವಿರಕ್ಕ ಮಾಡಿ ಕೊಡವ್ವಾ’ ಎಂದು ಸಾವ್ಕಾರರು ಕೇಳುತ್ತಾರೆ. ಅದೇ ಕೆಲಸವನ್ನು ಐದು ಸಾವಿರಕ್ಕೆ ಒಪ್ಪಿದರೆ ಅವರಿಗೆ ಗೊತ್ತಾಗುವುದು ಇಷ್ಟೇ, ಹನ್ನೆರಡು ಸಾವಿರ ಸುಳ್ಳಾಗಿತ್ತು ಎಂದು. ಮುಂದಿನ ಸಲ ಅವರು ಐದರಿಂದಲೇ ಶುರು ಮಾಡುತ್ತಾರೆ, ಪಕ್ಕದ ಮಿಲ್ಲಿನವರಿಗೂ ಐದೇ ಹೇಳುತ್ತಾರೆ. ಸಣ್ಣ ಊರಿನಲ್ಲಿ ದರ ಬಹಳ ಬೇಗ ಸುತ್ತುತ್ತದೆ.

ಹಣ ಇಳಿಸುವ ಬದಲು ಕೆಲಸ ಇಳಿಸಿ. ನಮ್ಮ ಲೆಕ್ಕಕ್ಕೇ ಹಿಂತಿರುಗೋಣ. ಮೂರು ಕರಡಿನ ಬದಲು ಒಂದೇ ಕರಡು ಎಂದರೆ ಆರು ಗಂಟೆ ಎರಡಕ್ಕೆ ಇಳಿಯುತ್ತದೆ. ಕನ್ನಡ ಬಿಟ್ಟು ಇಂಗ್ಲಿಷ್, ತೆಲುಗು ಮಾತ್ರ ಎಂದರೆ ಒಂದು ಗಂಟೆ ಉಳಿಯಿತು. ತಿದ್ದುಪಡಿ ಒಂದೇ ಸುತ್ತು, ಎರಡು ಗಂಟೆ ಉಳಿಯಿತು. ಪ್ರೆಸ್ಸಿನ ಓಡಾಟ ಅವರದೇ ಎಂದರೆ ಇನ್ನೆರಡು ಗಂಟೆ. ಇಪ್ಪತ್ತಾರರಲ್ಲಿ ಒಂಬತ್ತು ಹೋಗಿ 17 ಗಂಟೆ, 5,100. ನೂರಕ್ಕೆ 15 ಸೇರಿಸಿದರೆ 5,865. ಹಾಗಾಗಿ ಉತ್ತರ ಹೀಗಿರಲಿ: ‘ಸಾವ್ಕಾರ್ರೇ, ಆರು ಸಾವಿರಕ್ಕ ಮಾಡಿ ಕೊಡ್ತೀನ್ರಿ. ಆದ್ರ ಒಂದೇ ಕರಡು, ಕನ್ನಡ ಇರಂಗಿಲ್ಲ, ಒಂದೇ ಸಲ ತಿದ್ದೂದು, ಪ್ರೆಸ್ಸಿನ ಕಡಿ ನೀವೇ ನೋಡ್ಕೋಬೇಕು.’ ಕಾನೂನಿನ ಮಾಹಿತಿಯ ಮೂರು ಗಂಟೆಯನ್ನು ಮಾತ್ರ ಯಾವ ಚೌಕಾಸಿಗೂ ಬಿಡಬೇಡಿ. ಅದಿಲ್ಲದ ಪ್ಯಾಕೆಟ್ ಗಿರಾಕಿಗೂ ತೊಂದರೆ, ನಿಮ್ಮ ಹೆಸರಿಗೂ ತೊಂದರೆ.

ಬಹಳ ಸಲ ಸೇಡಂ, ಚಿಂಚೋಳಿಯ ಮಾರಾಟ ನೆನಪಾಗಿ ಸಾವ್ಕಾರರೇ ‘ಕನ್ನಡ ಬೇಕೇ ಬೇಕು’ ಎನ್ನುತ್ತಾರೆ. ಆಗ ಮಾತು ದರದಿಂದ ಕೆಲಸದ ಕಡೆಗೆ ಹೊರಳುತ್ತದೆ, ಒಂದೊಂದೇ ಸೇರಿಸುತ್ತ ಮೇಲೆ ಬರಬಹುದು. ಆರಕ್ಕೂ ಒಪ್ಪದಿದ್ದರೆ ನಮಸ್ಕಾರ ಹೇಳಿ ಬನ್ನಿ. ಆ ಹೊತ್ತಿನಲ್ಲಿ ಇನ್ನೊಬ್ಬ ಗಿರಾಕಿಯನ್ನು ಹುಡುಕಿದರೆ ಲಾಭ.

ಎಲ್ಲ ಗಿರಾಕಿಯೂ ಮಿಲ್ಲಿನ ಸಾವ್ಕಾರರಲ್ಲ. ಸಿರಿಧಾನ್ಯ ಬೆಳೆಯುವ ಜಹೀರಾಬಾದ್ ಸೀಮೆಯಲ್ಲಿ ಸಜ್ಜೆ, ನವಣೆ ಹಿಟ್ಟು ಮಾಡಿ ಮಾರುವ ಮಹಿಳಾ ಸಂಘವೊಂದು ಇನ್ನೂರು ಸ್ಟಿಕರ್ ಕೇಳಿಕೊಂಡು ಬರಬಹುದು. ಅವರಿಗೂ ಇದೇ ದಾರಿ: ಒಂದು ಕರಡು, ಒಂದೇ ಅಳತೆ, ಒಂದು ಸುತ್ತು, ಮುಂಭಾಗ ಮಾತ್ರ ಚಿತ್ರ, ಹಿಂದೆ ಬರೀ ಅಕ್ಷರ. ಗಂಟೆಯ ಅಸಲು ಅದೇ, ಗಂಟೆಗಳು ಕಡಿಮೆ. ಮನಸ್ಸಿನಿಂದ ಅವರಿಗೆ ರಿಯಾಯಿತಿ ಕೊಡಬೇಕೆನಿಸಿದರೆ ಖಂಡಿತ ಕೊಡಿ. ಬಿಲ್ಲಿನಲ್ಲಿ ಮಾತ್ರ ಪೂರ್ತಿ ದರ ಬರೆದು ಅದರ ಕೆಳಗೆ ರಿಯಾಯಿತಿ ಇಷ್ಟು ಎಂದು ಕಳೆದು ತೋರಿಸಿ. ಬೀಗರ ಮನೆಯ ಮದುವೆ ಕಾರ್ಡಿಗೂ ಹೀಗೇ. ಕೈಯಿಂದ ಹಣ ತೆಗೆದುಕೊಳ್ಳದಿದ್ದರೂ ಕೆಲಸದ ಬೆಲೆ ಇಷ್ಟು ಎಂಬುದು ಕಾಗದದ ಮೇಲೆ ಇರಲಿ. ಅದನ್ನು ನೋಡಿದ ಇನ್ನೊಬ್ಬರು ಬಂದಾಗ ಎಲ್ಲಿಂದ ಶುರು ಮಾಡಬೇಕೆಂದು ಇಬ್ಬರಿಗೂ ಗೊತ್ತಿರುತ್ತದೆ.

ಹಬ್ಬದ ಶುಭಾಶಯ, ಅಂಗಡಿ ಓಪನಿಂಗ್, ಝರಾಸಂಗಮದ ಜಾತ್ರೆಯ ಕರಪತ್ರದಂಥ ಸಣ್ಣ ಕೆಲಸಗಳಿಗೆ ಒಂದು ಕನಿಷ್ಠ ದರ ಇಟ್ಟುಕೊಂಡರೆ ಸಾಕು. ಎಷ್ಟೇ ಸಣ್ಣದಾದರೂ ಮಾತು, ಫೋಟೋ ತರಿಸುವುದು, ಕಳಿಸುವುದು ಸೇರಿ ಒಂದೂವರೆ ಗಂಟೆ ಹೋಗೇ ಹೋಗುತ್ತದೆ. ನಮ್ಮ ಲೆಕ್ಕದಲ್ಲಿ 450, ಅಂದರೆ ಐನೂರಕ್ಕಿಂತ ಕೆಳಗೆ ಕಂಪ್ಯೂಟರ್ ತೆರೆಯುವಂತಿಲ್ಲ. ರಾತ್ರಿ ಒಂಬತ್ತಕ್ಕೆ ಹೇಳಿ ಬೆಳಿಗ್ಗೆ ಬೇಕೆಂದರೆ ಒಂದೂವರೆ ಪಟ್ಟು. ಬರೀ ಫ್ಲೆಕ್ಸ್ ಬೇಕಾದವರನ್ನು ಫ್ಲೆಕ್ಸ್ ಅಂಗಡಿಗೇ ಕಳಿಸಿ. ಅಲ್ಲಿ ಅದು ಪುಕ್ಕಟೆಯಾಗಿ ಸಿಗುತ್ತದೆ, ಆ ಪೈಪೋಟಿಯಲ್ಲಿ ನೀವು ಗೆಲ್ಲಲಾರಿರಿ, ಗೆಲ್ಲಬೇಕಾಗಿಯೂ ಇಲ್ಲ.

ಗಡಿಯಾಚೆಯ ಗಿರಾಕಿ, ತೆರೆದ ಫೈಲು

ಬೀದರ್, ಕಲಬುರಗಿಯವರಿಗೆ ಕೆಲಸ ಮಾಡಿದರೆ ಬೇರೆ ರಾಜ್ಯವಾದ್ದರಿಂದ ಜಿಎಸ್‌ಟಿ ಮಾಡಿಸಲೇಬೇಕು ಎಂದು ಹೆದರಿ ಆ ಕೆಲಸ ಬಿಡುವವರಿದ್ದಾರೆ. ಸೇವೆಗಳ ಮಟ್ಟಿಗೆ ಅದು ಸರಿಯಲ್ಲ. ವರ್ಷದ ಒಟ್ಟು ವಹಿವಾಟು 20 ಲಕ್ಷ ದಾಟದವರೆಗೆ ರಾಜ್ಯದಾಚೆಗೆ ಸೇವೆ ಕೊಡುವವರಿಗೂ ನೋಂದಣಿಯಿಂದ ವಿನಾಯಿತಿ ಇದೆ. 2017ರಲ್ಲೇ ಇದರ ಅಧಿಸೂಚನೆ ಬಂದಿದೆ. ನೋಂದಣಿ ಇಲ್ಲದಾಗ ಬಿಲ್ಲಿನಲ್ಲಿ ಜಿಎಸ್‌ಟಿ ಎಂದು ಬರೆದು ವಸೂಲು ಮಾಡುವಂತಿಲ್ಲ. ಹೆಸರು, ವಿಳಾಸ, ಬಿಲ್ ನಂಬರು, ಕೆಲಸ, ಹಣ ಇಷ್ಟು ಬರೆದ ಸಾದಾ ಬಿಲ್ಲು ಸಾಕು. ಮುಂದೆ ನೋಂದಾಯಿಸಿಕೊಂಡಾಗ ತೆರಿಗೆ ದರದ ಮೇಲೆ ಸೇರುತ್ತದೆ, ನಿಮ್ಮ ದರದೊಳಗಿಂದ ಹೋಗಬಾರದು. ಅದಕ್ಕೆ ಈಗಿನಿಂದಲೇ ಕೊಟೇಶನ್ನಿನಲ್ಲಿ ‘ತೆರಿಗೆ ಅನ್ವಯಿಸಿದರೆ ಬೇರೆ’ ಎಂದು ಸೇರಿಸುವ ಅಭ್ಯಾಸ ಒಳ್ಳೆಯದು.

ಆರು ತಿಂಗಳ ನಂತರ ಸಾವ್ಕಾರರಿಂದ ಇನ್ನೊಂದು ಫೋನ್ ಬರುತ್ತದೆ: ಎಂಆರ್‌ಪಿ ಬದಲಾಗಿದೆ, ಸಿಡಿಆರ್ ಫೈಲ್ ಕಳಿಸು, ಪ್ರೆಸ್ಸಿನವರೇ ತಿದ್ದುತ್ತಾರೆ. ತೆರೆದ ಫೈಲು ಮತ್ತು ಮುದ್ರಣದ ಪಿಡಿಎಫ್ ಎರಡೂ ಒಂದೇ ಅಲ್ಲ. ತೆರೆದ ಫೈಲಿದ್ದರೆ ನಾಳೆ ಅದೇ ಡಿಸೈನಿನಿಂದ ಕಡಲೆಬೇಳೆ, ಹೆಸರುಬೇಳೆ ಪ್ಯಾಕೆಟ್ಟುಗಳೂ ಹುಟ್ಟಬಹುದು. ಆದ್ದರಿಂದ ಅದಕ್ಕೆ ಬೇರೆ ಬೆಲೆ, ಅದೂ ಮೊದಲ ಕೊಟೇಶನ್ನಿನಲ್ಲೇ ಒಂದು ಸಾಲಾಗಿ ಇರಲಿ. ಮೂಲ ದರದ ಅರ್ಧದಷ್ಟು ಕೇಳುವುದು ನನಗೆ ನ್ಯಾಯವೆನಿಸುತ್ತದೆ. ಎಂಆರ್‌ಪಿ ಒಂದೇ ಬದಲಾಯಿಸಬೇಕಾದರೆ ನೀವೇ ನಿಮ್ಮ ಕನಿಷ್ಠ ದರದಲ್ಲಿ ಮಾಡಿ ಕೊಟ್ಟರೆ ಅವರಿಗೂ ಅಗ್ಗ. ಹಕ್ಕನ್ನೇ ಪೂರ್ತಿ ಬಿಟ್ಟುಕೊಡಿ ಎಂದರೆ ಅದು ಬರಹದಲ್ಲಿ, ಸಹಿಯೊಂದಿಗೆ ಆಗಬೇಕು ಎನ್ನುತ್ತದೆ 1957ರ ಕಾಪಿರೈಟ್ ಕಾಯ್ದೆ. ಅವಧಿ ಬರೆಯದಿದ್ದರೆ ಐದು ವರ್ಷ, ಪ್ರದೇಶ ಬರೆಯದಿದ್ದರೆ ಭಾರತದೊಳಗೆ ಎಂದು ಹಿಡಿಯುತ್ತಾರೆ. ಆ ಕಾಗದ ಕೊಡುವುದು ಪೂರ್ತಿ ಹಣ ಬಂದ ಮೇಲೆ.

ಇಷ್ಟರ ನಡುವೆ ಪ್ರತಿ ಕೆಲಸಕ್ಕೂ ನಿಜವಾಗಿ ಎಷ್ಟು ಗಂಟೆ ಹಿಡಿಯಿತೆಂದು ಅಂದಂದೇ ಬರೆದಿಡಿ. ಪ್ಯಾಕೆಟ್ಟಿಗೆ 26 ಎಂದುಕೊಂಡದ್ದು 34 ಆಗಿದ್ದರೆ ಎಲ್ಲಿ ಹೆಚ್ಚಾಯಿತು ನೋಡಿ. ಕರಡಿನಲ್ಲಾದರೆ ನಿಮ್ಮ ಕೈ ಇನ್ನೂ ಪಳಗಬೇಕು, ಅದರ ಹಣ ಗಿರಾಕಿಯಿಂದ ಕೇಳುವುದಲ್ಲ. ತಿದ್ದುಪಡಿಯಲ್ಲೋ ಅಕ್ಷರ ಕೂರಿಸುವುದರಲ್ಲೋ ಆದರೆ ಮುಂದಿನ ಕೊಟೇಶನ್ನಿನಲ್ಲಿ ಆ ಸಾಲಿನ ಗಂಟೆ ಏರಿಸಿ. ಕೇಳಿದವರೆಲ್ಲ ಒಂದು ಮಾತೂ ಆಡದೆ ಒಪ್ಪಿಕೊಳ್ಳುತ್ತಿದ್ದರೆ ದರ ಕಡಿಮೆಯಾಗಿದೆ ಎಂದೇ ತಿಳಿಯಿರಿ, ಮುಂದಿನ ಹೊಸ ಗಿರಾಕಿಗೆ ಏರಿಸಿ ಬರೆಯಿರಿ. ಹಳೆಯ ಗಿರಾಕಿಗಳಿಗೆ ಯುಗಾದಿಯಿಂದ ಹೊಸ ದರ ಎಂದು ಒಂದು ತಿಂಗಳು ಮೊದಲೇ ತಿಳಿಸಿದರೆ ಸಾಕು. ಲೆಕ್ಕದ ಪುಸ್ತಕ ಬದಲಿಸುವ ಕಾಲ ವ್ಯಾಪಾರಸ್ಥರಿಗೆ ಹೇಗೂ ಗೊತ್ತಿದೆ.